ಮೊಳಕೆ ಕಟ್ಟಿದ ಹೆಸರುಕಾಳನ್ನು ಬೇಯಿಸಿಯೇ ಸೇವಿಸಬೇಕು ಏಕೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಮನೆಗಳಲ್ಲಿ ಹಸಿಯಾಗಿ ಸೇವಿಸುವ ಆಹಾರದಲ್ಲಿ ಎರಡು ಬಗೆಗಳಿವೆ. ಹೆಸರುಬೇಳೆಯ ಕೋಸಂಬರಿ, ಸೌತೆಕಾಯಿಯ ಪಚಡಿ, ಹೆಚ್ಚಿದ ಈರುಳ್ಳಿ ಮತ್ತು ಮೂಲಂಗಿ ಇವು ಒಂದು ಬಗೆ. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ ಹೆಸರುಕಾಳು ಮತ್ತೊಂದು ಬಗೆ. ತಟ್ಟೆಯಲ್ಲಿ ಇವೆರಡೂ ಒಂದೇ ರೀತಿಯ ಆಹಾರದಂತೆ ತೋರುತ್ತವೆ. ಆದರೆ ರೋಗಾಣುಗಳ ದೃಷ್ಟಿಯಿಂದ ಇವುಗಳ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸೌತೆಕಾಯಿಯಲ್ಲಿ ರೋಗಾಣುಗಳಿದ್ದರೆ ಅವು ಸಾಮಾನ್ಯವಾಗಿ ಸಿಪ್ಪೆಯ ಮೇಲಿರುತ್ತವೆ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಸಿಪ್ಪೆ ತೆಗೆದರೆ ಬಹುಪಾಲು ಹೋಗುತ್ತವೆ. ಹೆಚ್ಚಿದ ಮೇಲೆ ಬೇಗನೆ ತಿಂದರೆ, ಉಳಿದ ಅಲ್ಪಸ್ವಲ್ಪ ರೋಗಾಣುಗಳು ಬೆಳೆಯಲು ಕಾಲಾವಕಾಶ ದೊರೆಯುವುದಿಲ್ಲ. ಕೋಸಂಬರಿಯ ಬೇಳೆಯೂ ನೆನೆಯುವುದು ಒಂದೆರಡು ಗಂಟೆ ಮಾತ್ರ. ಮೊಳಕೆ ಕಾಳಿನಲ್ಲಿ ಹೀಗಲ್ಲ. ಕಾಳನ್ನು ಚಿಗುರಿಸಲು ಬೇಕಾದ ತೇವ, ಬೆಚ್ಚನೆಯ ಜಾಗ ಮತ್ತು ಒಂದೂವರೆ ದಿನದ ಅವಧಿ ಇವೆಲ್ಲವೂ ರೋಗಾಣುಗಳಿಗೂ ಅತ್ಯಂತ ಅನುಕೂಲವಾದ ಪರಿಸ್ಥಿತಿಗಳೇ. ಕಾಳು ಕೆಡುವುದಕ್ಕೆ ಅಡುಗೆಯವರ ಅಜಾಗರೂಕತೆಯೇ ಬೇಕೆಂದಿಲ್ಲ. ಸರಿಯಾಗಿ ಮೊಳಕೆ ಕಟ್ಟಿದರೂ ಅಪಾಯ ಉಳಿದೇ ಇರುತ್ತದೆ.

ರೋಗಾಣು ಕಾಳಿಗೆ ಸೇರುವುದು ಬಹುತೇಕ ಅಡುಗೆಮನೆಗೆ ಬರುವ ಮೊದಲೇ. ಹೆಸರು ಕೊಯ್ಲಿಗೆ ಬರುವಾಗ ಆಗಾಗ್ಗೆ ಮಳೆ ಇರುತ್ತದೆ. ಕಾಯಿಯನ್ನು ಕಣದಲ್ಲೋ ರಸ್ತೆಯ ಮೇಲೋ ಹರಡಿ ಒಣಗಿಸಿ ಬಡಿಯುತ್ತಾರೆ. ಅಲ್ಲಿ ದನಕರುಗಳ ಸಗಣಿ, ಹಕ್ಕಿಗಳ ಹಿಕ್ಕೆ ಮತ್ತು ದಾಸ್ತಾನಿನಲ್ಲಿ ಇಲಿಗಳ ಸಂಪರ್ಕ ತಪ್ಪಿದ್ದಲ್ಲ. ಕಾಳು ಮಾರಾಟವಾಗುವುದು ಬೇಯಿಸಿ ತಿನ್ನುವ ಧಾನ್ಯವೆಂದು. ಆದ್ದರಿಂದ ಇದರಲ್ಲಿ ರೈತರ ತಪ್ಪೇನೂ ಇಲ್ಲ. ಸಾಲ್ಮೊನೆಲ್ಲಾ, ಇ. ಕೋಲಿ ಮುಂತಾದ ಬ್ಯಾಕ್ಟೀರಿಯಾಗಳು ಸಿಪ್ಪೆಯ ಸೂಕ್ಷ್ಮ ಬಿರುಕುಗಳಲ್ಲಿ ಅಡಗಿ, ಒಣಗಿದ ಸ್ಥಿತಿಯಲ್ಲಿಯೇ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲವು. ಬಿರುಕಿನೊಳಗೆ ನೀರು ಸರಿಯಾಗಿ ಇಳಿಯದ ಕಾರಣ ನಾಲ್ಕು ಬಾರಿ ತೊಳೆದರೂ ಅವು ಪೂರ್ಣವಾಗಿ ಹೋಗುವುದಿಲ್ಲ. ವಿದೇಶಗಳಲ್ಲಿ ಮೊಳಕೆ ಉತ್ಪಾದಿಸುವ ಘಟಕಗಳು ಬೀಜವನ್ನು ತೀವ್ರವಾದ ಕ್ಲೋರಿನ್ ದ್ರಾವಣದಲ್ಲಿ ನೆನೆಸುತ್ತವೆ. ಅದರಿಂದಲೂ ಸಂಪೂರ್ಣ ಖಾತರಿ ದೊರೆತಿಲ್ಲ. ಮನೆಯಲ್ಲಿ ಉಪ್ಪುನೀರು, ಅರಿಶಿನ ಅಥವಾ ನಿಂಬೆರಸದಲ್ಲಿ ತೊಳೆದರೆ ಸಾಕೆಂಬ ನಂಬಿಕೆಗೆ ಆಧಾರವಿಲ್ಲ.

ಮುಂದೆ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಏಪ್ರಿಲ್ ತಿಂಗಳಿನಲ್ಲಿ ಜಗಳೂರಿನ ಒಂದು ಮನೆಯಲ್ಲಿ ರಾತ್ರಿ 8 ಗಂಟೆಗೆ ಕಾಲು ಕಿಲೋ ಹೆಸರುಕಾಳನ್ನು ನೆನೆಹಾಕಿದರು ಎನ್ನಿ. ಬೆಳಿಗ್ಗೆ 6 ಗಂಟೆಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಲೆಯ ಪಕ್ಕದ ಮೂಲೆಯಲ್ಲಿ ಇಟ್ಟರು. ಅಲ್ಲಿನ ಉಷ್ಣತೆ 32 ಡಿಗ್ರಿಯಿಂದ 36 ಡಿಗ್ರಿ ಸೆಲ್ಸಿಯಸ್. ಕಾಳು ಚಿಗುರುವಾಗ ತನ್ನದೇ ಶಾಖವನ್ನೂ ಹೊರಸೂಸುವುದರಿಂದ ಗಂಟಿನ ನಡುಭಾಗ ಇನ್ನೂ ಬೆಚ್ಚಗಿರುತ್ತದೆ. ಒಡೆದ ಸಿಪ್ಪೆಯಿಂದ ಸಕ್ಕರೆ ಮತ್ತು ಪ್ರೋಟೀನ್ ನೀರಿಗೆ ಇಳಿಯುತ್ತವೆ. ಇವೇ ಬ್ಯಾಕ್ಟೀರಿಯಾಗಳ ಆಹಾರ. ಇಂತಹ ಸ್ಥಿತಿಯಲ್ಲಿ ಸಾಲ್ಮೊನೆಲ್ಲಾ ಸುಮಾರು ಅರ್ಧ ಗಂಟೆಗೊಮ್ಮೆ ದ್ವಿಗುಣಗೊಳ್ಳಬಲ್ಲದು. ಲೆಕ್ಕದ ಪ್ರಕಾರ ಒಂದು ಬ್ಯಾಕ್ಟೀರಿಯಾ 5 ಗಂಟೆಯಲ್ಲಿ ಸಾವಿರವಾಗುತ್ತದೆ, 10 ಗಂಟೆಯಲ್ಲಿ ಹತ್ತು ಲಕ್ಷವಾಗುತ್ತದೆ. ಕಾಳಿನಲ್ಲಿರುವ ಇತರ ನಿರುಪದ್ರವಿ ಬ್ಯಾಕ್ಟೀರಿಯಾಗಳೂ ಪೈಪೋಟಿ ನಡೆಸುವುದರಿಂದ ವಾಸ್ತವದಲ್ಲಿ ಬೆಳವಣಿಗೆ ಇಷ್ಟು ಸರಾಗವಾಗಿರುವುದಿಲ್ಲ. ಆದರೂ ಮೊದಲ ಒಂದೆರಡು ದಿನದೊಳಗೆ ಸಾವಿರಾರು ಪಟ್ಟು ಹೆಚ್ಚುವುದು ಸಾಮಾನ್ಯ. ಬಿಳಿ ಮೊಳಕೆ ಕಾಣಿಸಿಕೊಳ್ಳುವ ವೇಳೆಗೆ ಈ ಬೆಳವಣಿಗೆಯ ಬಹುಭಾಗ ಮುಗಿದಿರುತ್ತದೆ. ಆನಂತರ ಫ್ರಿಜ್‌ನಲ್ಲಿಟ್ಟರೆ ಮುಂದಿನ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು, ಬೆಳೆದಿರುವವು ಸಾಯುವುದಿಲ್ಲ.

ಕೆಟ್ಟಿದ್ದರೆ ವಾಸನೆಯಿಂದ ತಿಳಿಯುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಲೋಳೆ, ಹುಳಿ ವಾಸನೆ ಮತ್ತು ಕಂದು ಬಣ್ಣ ಕಾಣಿಸಿಕೊಳ್ಳುವುದು ಕಾಳನ್ನು ಕೊಳೆಸುವ ಬೇರೆ ಸೂಕ್ಷ್ಮಜೀವಿಗಳಿಂದ. ರೋಗ ತರುವ ಸಾಲ್ಮೊನೆಲ್ಲಾ ಅಥವಾ ಇ. ಕೋಲಿ ಇದ್ದರೂ ಕಾಳು ಗರಿಗರಿಯಾಗಿ, ತಾಜಾ ವಾಸನೆಯಿಂದ ಕೂಡಿರಬಹುದು. ಲೋಳೆ ಕಂಡರೆ ಎಸೆಯಬೇಕು. ಲೋಳೆ ಕಾಣದಿದ್ದರೆ ಸುರಕ್ಷಿತವೆಂದು ತಿಳಿಯಬಾರದು.

2011ರಲ್ಲಿ ಜರ್ಮನಿಯಲ್ಲಿ ನಡೆದ ಘಟನೆ ಇದಕ್ಕೆ ಸಾಕ್ಷಿ. ಆ ವರ್ಷದ ಮೇ ತಿಂಗಳಿನಲ್ಲಿ ಉತ್ತರ ಜರ್ಮನಿಯಲ್ಲಿ ರಕ್ತಭೇದಿಯಿಂದ ನರಳುವವರ ಸಂಖ್ಯೆ ದಿಢೀರನೆ ಏರಿತು. ಮೊದಲಿಗೆ ಸಂಶಯ ಬಂದದ್ದು ಸ್ಪೇನ್ ದೇಶದ ಸೌತೆಕಾಯಿಯ ಮೇಲೆ. ಜನ ಸೌತೆಕಾಯಿ ಕೊಳ್ಳುವುದನ್ನೇ ಬಿಟ್ಟರು, ಬೆಳೆಗಾರರು ಅಪಾರ ನಷ್ಟ ಅನುಭವಿಸಿದರು. ಆದರೆ ತನಿಖೆ ಕೊನೆಗೆ ತಲುಪಿದ್ದು ಮೊಳಕೆ ಕಾಳು ಉತ್ಪಾದಿಸುವ ಒಂದು ತೋಟವನ್ನು. ಮೊಳಕೆಯನ್ನು ಊಟದ ಮೇಲೆ ಅಲಂಕಾರಕ್ಕೆಂದು ಉದುರಿಸುತ್ತಿದ್ದುದರಿಂದ, ಅದನ್ನು ತಿಂದದ್ದೇ ಅನೇಕ ರೋಗಿಗಳಿಗೆ ನೆನಪಿರಲಿಲ್ಲ. ಅದೇ ಜೂನ್‌ನಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಬಳಿಯೂ ಜನ ಅದೇ ಇ. ಕೋಲಿ ತಳಿಯಿಂದ ಅಸ್ವಸ್ಥರಾದರು. ಅವರು ತಿಂದ ಮೊಳಕೆ ಜರ್ಮನಿಯ ಆ ತೋಟದ್ದಲ್ಲ, ಸ್ಥಳೀಯವಾಗಿ ಬೀಜ ತಂದು ಚಿಗುರಿಸಿದ್ದು. ಎರಡೂ ಕಡೆ ಸಮಾನವಾಗಿದ್ದುದು ಈಜಿಪ್ಟ್‌ನಿಂದ ಬಂದಿದ್ದ ಮೆಂತ್ಯದ ಬೀಜ. ಜರ್ಮನಿಯಲ್ಲಿ 3,800ಕ್ಕೂ ಹೆಚ್ಚು ಜನ ರೋಗಕ್ಕೆ ತುತ್ತಾದರು, 50ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಎರಡು ದೇಶಗಳ ಅಡುಗೆಮನೆಗಳು ಬೇರೆ, ಕೈಗಳು ಬೇರೆ. ದೋಷ ಬೀಜದೊಂದಿಗೇ ಬಂದಿತ್ತು.

ಈ ವಿಷಯ ನಮ್ಮ ಅಂಗನವಾಡಿಗಳಿಗೂ ಸಂಬಂಧಿಸಿದೆ. ಮಾತೃಪೂರ್ಣ ಯೋಜನೆಯಲ್ಲಿ ಮೊಟ್ಟೆ ಸೇವಿಸದ ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಮೊಳಕೆ ಕಾಳು ನೀಡುವ ಕ್ರಮವಿದೆ. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ವೃದ್ಧರು ಹಾಗೂ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಇಂತಹ ಸೋಂಕು ಹೆಚ್ಚು ತೀವ್ರವಾಗಿ ಕಾಡುತ್ತದೆ. ಆದ್ದರಿಂದ ಇವರಿಗೆ ಮೊಳಕೆ ಕಾಳನ್ನು ಯಾವ ಕಾರಣಕ್ಕೂ ಹಸಿಯಾಗಿ ನೀಡಬಾರದು.

ಬೇಯಿಸುವ ಕ್ರಮ ಸರಳವಾಗಿದೆ. ಕಾಳು ಮುಳುಗುವಷ್ಟು ನೀರನ್ನು ಚೆನ್ನಾಗಿ ಕುದಿಸಿ, ಮೊಳಕೆ ಕಾಳನ್ನು ಹಾಕಿ, ನೀರು ಮತ್ತೆ ಕುದಿಯಲು ಆರಂಭಿಸಿದ ಮೇಲೆ 5 ನಿಮಿಷ ಬಿಡಬೇಕು. ಇಡ್ಲಿ ಪಾತ್ರೆಯ ಆವಿಯಲ್ಲಾದರೆ ತೆಳುವಾಗಿ ಹರಡಿ 10 ನಿಮಿಷ ಇಡಬೇಕು. ಬಿಸಿನೀರು ಸುರಿದು ತಕ್ಷಣ ಬಸಿಯುವುದು ಸಾಲದು. ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ ಎಂಬ ಆಕ್ಷೇಪವನ್ನು ಹಲವರು ಎತ್ತುತ್ತಾರೆ. ಸಿ ಜೀವಸತ್ವದ ಒಂದು ಭಾಗ ಕಡಿಮೆಯಾಗುವುದು ನಿಜ. ಪ್ರೋಟೀನ್, ನಾರಿನಂಶ ಹಾಗೂ ಕಬ್ಬಿಣದ ಅಂಶ ಉಳಿದೇ ಇರುತ್ತವೆ. ಬೇಯಿಸಿದ ಕಾಳಿಗೆ ಆರಿದ ಮೇಲೆ ನಿಂಬೆರಸ ಹಿಂಡಿದರೆ ಕಳೆದುಹೋದ ಸಿ ಜೀವಸತ್ವವೂ ಬಹುಮಟ್ಟಿಗೆ ದೊರೆಯುತ್ತದೆ. ಆದರೆ ಹುಳಿ ವಾಸನೆ ಬಂದ ಅಥವಾ ಲೋಳೆಯಾದ ಕಾಳನ್ನು ಬೇಯಿಸಿ ಉಳಿಸಿಕೊಳ್ಳಲು ಯತ್ನಿಸಬಾರದು. ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಕುದಿಸಿದರೂ ನಾಶವಾಗುವುದಿಲ್ಲ.

ಕೋಸಂಬರಿ ಮತ್ತು ಪಚಡಿಗಳ ವಿಷಯದಲ್ಲಿ ಗಮನಿಸಬೇಕಾದುದು ಕಾಲಾವಧಿ. ರಾಮನವಮಿಯ ದಿನ ದೊಡ್ಡ ಪಾತ್ರೆಯಲ್ಲಿ ಬೆಳಿಗ್ಗೆ ಕಲಸಿಟ್ಟ ಕೋಸಂಬರಿ ಮಧ್ಯಾಹ್ನದವರೆಗೂ ಬಿಸಿಲಿನಲ್ಲಿ ಹಂಚಿಕೆಯಾಗುತ್ತಿರುತ್ತದೆ. ಉಪ್ಪು ಹಾಕಿದೊಡನೆ ಸೌತೆಕಾಯಿ ನೀರು ಬಿಡುತ್ತದೆ, ಆ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೇಳೆ ಮತ್ತು ಹೆಚ್ಚಿದ ತರಕಾರಿಯನ್ನು ಬೇರೆಯಾಗಿ ತಂಪಿನಲ್ಲಿಟ್ಟು, ಸ್ವಲ್ಪ ಸ್ವಲ್ಪವೇ ಕಲಸಿ ಹಂಚುವುದು ಉತ್ತಮ. ಬೇಸಿಗೆಯಲ್ಲಿ ಕಲಸಿದ್ದು ಒಂದು ಗಂಟೆಯೊಳಗೆ, ಉಳಿದ ಕಾಲದಲ್ಲಿ ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಬೇಳೆ ತೊಳೆಯಲು, ನೆನೆಸಲು ಕುದಿಸಿ ಆರಿಸಿದ ನೀರನ್ನು ಬಳಸುವುದು ಕ್ಷೇಮ.

ಹಸಿ ಮೊಳಕೆ ತಿಂದ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಭೇದಿ, ಹೊಟ್ಟೆನೋವು ಅಥವಾ ಜ್ವರ ಕಾಣಿಸಿಕೊಂಡರೆ ಓಆರ್‌ಎಸ್ ದ್ರಾವಣ ಕುಡಿಸಲು ಆರಂಭಿಸಿ. ಮಲದಲ್ಲಿ ರಕ್ತ ಕಂಡರೆ, ಮೂತ್ರದ ಪ್ರಮಾಣ ಕಡಿಮೆಯಾದರೆ ಅಥವಾ ಮಗು ಮಂಕಾದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಔಷಧಿ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ಅಥವಾ ಆ್ಯಂಟಿಬಯೋಟಿಕ್ ತಾವೇ ತಂದು ಕೊಡಬೇಡಿ. ರಕ್ತಭೇದಿಯಲ್ಲಿ ಕೆಲವೊಮ್ಮೆ ಇವುಗಳಿಂದಲೇ ಮೂತ್ರಪಿಂಡಕ್ಕೆ ಹೆಚ್ಚಿನ ಹಾನಿಯಾಗುವ ಸಂಭವವಿದೆ. ಹಿಂದಿನ ಮೂರು ನಾಲ್ಕು ದಿನಗಳಲ್ಲಿ ಮೊಳಕೆ ಕಾಳು ತಿಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.