ಬಹಿರಂಗವಾಗಿ ದೂರಿದ ಗಿರಾಕಿಗೆ ಬರೆಯುವ ಇ-ಮೇಲ್



ನಮ್ಮಲ್ಲಿ ಕೆಲವರು ತೋಟದ ಕಾಫಿಯನ್ನು ತಾವೇ ಹುರಿಸಿ, ಪುಡಿ ಮಾಡಿಸಿ, ಕೊರಿಯರ್ ಮೂಲಕ ಊರೂರಿಗೆ ಕಳುಹಿಸುತ್ತಿದ್ದೇವೆ. ವ್ಯಾಪಾರಿಗೆ ಬೀಜ ತೂಗಿ ಕೊಟ್ಟಾಗ ತಕರಾರು ತಕ್ಕಡಿಯ ಮುಂದೆಯೇ ಮುಗಿಯುತ್ತಿತ್ತು. ಈಗ ಗಿರಾಕಿ ತನ್ನ ಅಸಮಾಧಾನವನ್ನು ನಾಲ್ಕು ಜನ ಓದುವ ಕಡೆ ಬರೆಯುತ್ತಾನೆ. ಅಂಥವರಿಗೆ ಹೇಗೆ ಬರೆಯಬೇಕೆಂದು ಸದಸ್ಯರು ಕೇಳುತ್ತಿರುವುದರಿಂದ, ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ.

ಬೆಂಗಳೂರಿನ ಗಿರಾಕಿಯೊಬ್ಬರು ಹೀಗೆ ಬರೆದರು ಎಂದಿಟ್ಟುಕೊಳ್ಳಿ: "ಪೊಟ್ಟಣ ಬಲೂನಿನಂತೆ ಉಬ್ಬಿ ಅಂಟು ಬಿಟ್ಟಿತ್ತು. ಪುಡಿ ಕೆಟ್ಟಿದೆ. ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಮೋಸ."

ಇದರಲ್ಲಿ ಒಂದು ಮಾತು ಸರಿಯಲ್ಲ. ಹೊಸದಾಗಿ ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಪುಡಿ ಮಾಡಿದ ಕೂಡಲೇ, ಗಾಳಿ ಹೊರಹೋಗುವ ಕವಾಟವಿಲ್ಲದ ಕವರಿನಲ್ಲಿ ಮುಚ್ಚಿದರೆ ಪೊಟ್ಟಣ ಉಬ್ಬುತ್ತದೆ. ಉಬ್ಬಿದ ಮಾತ್ರಕ್ಕೆ ಪುಡಿ ಕೆಟ್ಟಿದೆ ಎನ್ನಲಾಗದು, ತಾಜಾ ಇರುವುದರಿಂದಲೇ ಉಬ್ಬಿರಬಹುದು. ಇದು ಗೊತ್ತಿರುವ ನಮಗೆ ಮೊದಲ ವಾಕ್ಯದಲ್ಲೇ ಪಾಠ ಹೇಳುವ ಆಸೆ ಬರುತ್ತದೆ. ಎಡವುವುದು ಅಲ್ಲೇ. ಅಂಟು ಬಿಟ್ಟದ್ದು ನಿಜ, ಫೋನ್ ಎತ್ತದಿದ್ದದ್ದು ನಿಜ. ಈ ಎರಡು ನಿಜಗಳನ್ನು ಬಿಟ್ಟು ಮೂರನೆಯ ತಪ್ಪನ್ನು ಹಿಡಿದುಕೊಂಡರೆ, ಮಾತು ಶಾಸ್ತ್ರೀಯವಾಗಿ ಸರಿಯಿದ್ದರೂ ನುಣುಚಿಕೊಂಡಂತೆ ಕೇಳುತ್ತದೆ.

ಆದ್ದರಿಂದ ಬರೆಯುವ ಮೊದಲು ಆರ್ಡರ್ ಪುಸ್ತಕ, ಹುರಿದ ದಿನ, ತುಂಬಿದ ದಿನ, ಫೋನಿನಲ್ಲಿ ಬಂದ ಕರೆಗಳು, ಇಷ್ಟನ್ನು ನೋಡಿಕೊಳ್ಳಿ. ಬಳಿಕ ದೂರಿನ ಕೆಳಗೆ ಎರಡೇ ಸಾಲು ಹಾಕಿ: "ಓದಿದೆವು. ನಿಮಗೆ ಇಂದೇ ಇ-ಮೇಲ್ ಬರೆಯುತ್ತಿದ್ದೇವೆ." ಅಲ್ಲಿ ಅವರ ವಿಳಾಸ, ಫೋನ್ ಸಂಖ್ಯೆ, ಆರ್ಡರ್ ಸಂಖ್ಯೆ ಯಾವುದನ್ನೂ ಹಾಕಬಾರದು. ಈ ಎರಡು ಸಾಲು ಇಲ್ಲದಿದ್ದರೆ ಉಳಿದ ಓದುಗರಿಗೆ ನಾವು ಸುಮ್ಮನೆ ಕುಳಿತಂತೆ ಕಾಣುತ್ತದೆ. ಆಮೇಲೆ ಇ-ಮೇಲ್:

"ವಿಷಯ: ಜುಲೈ 8ರಂದು ನಿಮಗೆ ತಲುಪಿದ ಕಾಫಿಪುಡಿ

ಮಾನ್ಯರೆ,
ಪೊಟ್ಟಣ ಉಬ್ಬಿ ಅಂಟು ಬಿಟ್ಟಿತ್ತೆಂದೂ, ಎರಡು ಸಲ ಫೋನ್ ಮಾಡಿದರೂ ನಾವು ಎತ್ತಲಿಲ್ಲವೆಂದೂ ನೀವು ಬರೆದುದನ್ನು ಓದಿದೆ. ಸೋಮವಾರ ನಿಮ್ಮ ಎರಡು ಕರೆಗಳು ಬಂದಿವೆ, ನಾವು ತಿರುಗಿ ಮಾಡಿಲ್ಲ. ಕ್ಷಮಿಸಿ. ಅಂಟು ಬಿಟ್ಟ ಪೊಟ್ಟಣದ ಪುಡಿಗೆ ನೀವು ಹಣ ಕೊಡಬೇಕಾಗಿಲ್ಲ. ಹಣ ವಾಪಸು ಬೇಕೋ, ಬೇರೆ ಅರ್ಧ ಕಿಲೋ ಕಳುಹಿಸಲೋ, ತಿಳಿಸಿ. ಪೊಟ್ಟಣ ಇನ್ನೂ ಇದ್ದರೆ ಒಂದು ಫೋಟೋ ಕಳುಹಿಸಿದರೆ ಎಲ್ಲಿ ಬಿಟ್ಟಿತೆಂದು ನೋಡಲು ನಮಗೆ ಅನುಕೂಲ, ಇಲ್ಲದಿದ್ದರೂ ಚಿಂತೆಯಿಲ್ಲ. ಮಾತನಾಡುವುದೇ ಸುಲಭವೆಂದಾದರೆ ಸಂಜೆ 5ರಿಂದ 7ರವರೆಗೆ ಈ ಸಂಖ್ಯೆಯಲ್ಲಿ ನಾನೇ ಸಿಗುತ್ತೇನೆ."

ಕೆಳಗೆ ಬರೆದವರ ಹೆಸರು, ಫೋನ್ ಸಂಖ್ಯೆ. "ವ್ಯವಸ್ಥಾಪಕರು" ಎಂದಷ್ಟೇ ಬೇಡ.

ಇದರಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. "ತೊಂದರೆಯಾಗಿದ್ದರೆ ವಿಷಾದಿಸುತ್ತೇವೆ" ಎಂದಿಲ್ಲ. ತೊಂದರೆ ಆಗಿದೆಯೆಂದು ಅವರು ಆಗಲೇ ಹೇಳಿದ್ದಾರೆ. "ನಮ್ಮ ಬೇರೆ ಯಾವ ಗಿರಾಕಿಯೂ ಹೀಗೆ ಹೇಳಿಲ್ಲ" ಎಂದಿಲ್ಲ. ಕ್ಷಮೆಯ ಬೆನ್ನಿಗೆ "ಆದರೆ" ಇಲ್ಲ. ಮುಖ್ಯವಾಗಿ, ಬರೆದುದನ್ನು ತೆಗೆದುಹಾಕಿ ಎಂಬ ಕೋರಿಕೆ ಇಲ್ಲ. ಹಣ ವಾಪಸಿಗೆ ಆ ಷರತ್ತು ಹಾಕಿದರೆ ನಿಮ್ಮ ಇ-ಮೇಲೇ ಮರುದಿನ ಬಹಿರಂಗಕ್ಕೆ ಬರುತ್ತದೆ. ನಮ್ಮ ಕಡೆಯವರಿಂದ ಗಿರಾಕಿಯ ವೇಷದಲ್ಲಿ ಹೊಗಳಿಕೆ ಬರೆಸುವ ಉಪಾಯವೂ ಬೇಡ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನು ತಾನೇ ಗಿರಾಕಿಯೆಂದು ಸುಳ್ಳು ಹೇಳಿ ವಿಮರ್ಶೆ ಬರೆಯುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂಬುದೂ ಅವೇ ನಿಯಮಗಳಲ್ಲಿದೆ. ಚಿಕ್ಕವರಾದ ನಾವೂ ಅದೇ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ಉಬ್ಬಿದ ಕಾರಣ ಹೇಳುವುದು ಯಾವಾಗ? ಅವರು ಉತ್ತರಿಸಿ, "ಹಾಗಾದರೆ ಪುಡಿ ಕೆಟ್ಟಿತ್ತೋ ಇಲ್ಲವೋ?" ಎಂದು ಕೇಳಿದಾಗ. ಆಗ ಎರಡು ವಾಕ್ಯ ಸಾಕು, ಜೊತೆಗೆ ಇನ್ನು ಮುಂದೆ ಕವಾಟವಿರುವ ಕವರು ಬಳಸುತ್ತೇವೆ ಎಂದೋ, ಪುಡಿಯನ್ನು ಕೆಲವು ಗಂಟೆ ಬಿಟ್ಟು ತುಂಬುತ್ತೇವೆ ಎಂದೋ, ನಿಜವಾಗಿ ಮಾಡುವುದನ್ನು ಮಾತ್ರ ಬರೆಯಿರಿ.

ಉತ್ತರ ಬಾರದಿದ್ದರೆ ನಾಲ್ಕೈದು ದಿನ ಬಿಟ್ಟು ಒಂದೇ ಒಂದು ನೆನಪೋಲೆ. ಆಮೇಲೆ ಬೆನ್ನು ಹತ್ತಬೇಡಿ. "ಸಮಸ್ಯೆ ಬಗೆಹರಿದಿದೆ" ಎಂದು ನೀವಾಗಿ ಕೆಳಗೆ ಬರೆಯುವುದೂ ಬೇಡ, ಆ ಮಾತು ಗಿರಾಕಿಯದು.

ಎಲ್ಲ ದೂರೂ ಖಾಸಗಿಯಾಗಿ ಮುಗಿಸತಕ್ಕದ್ದಲ್ಲ. ಪುಡಿಯಲ್ಲಿ ಬೂಷ್ಟು ಕಂಡಿತು, ಹುಳು ಕಂಡಿತು ಎಂದರೆ ಅದೇ ದಿನ ತುಂಬಿದ ಪೊಟ್ಟಣಗಳು ಬೇರೆ ಮನೆಗಳಿಗೂ ಹೋಗಿರುತ್ತವೆ. ಆಗ ಉಳಿದ ಮಾಲು ತಡೆದು, ಯಾವ ದಿನ ತುಂಬಿದ್ದನ್ನು ಬಳಸಬಾರದೆಂದು ದೂರು ಬಂದ ಜಾಗದಲ್ಲೇ ಬಹಿರಂಗವಾಗಿ ಬರೆದು, ಕೊಂಡ ಪ್ರತಿಯೊಬ್ಬರಿಗೂ ಫೋನ್ ಮಾಡಬೇಕು.