ಹೆಸರು, ಊರು, ಒಂದು ಫೋಟೊ: ನಿಮ್ಮ ಮೊದಲ ಎಚ್‌ಟಿಎಂಎಲ್ ಪುಟ

ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದು ನಿಮ್ಮ ಬಗ್ಗೆ ಮೂರು ಸಾಲು ಬರೆಯಿರಿ. ಇಲ್ಲಿ ಮಾದರಿಗಾಗಿ ಗಿರಿಜಾ ಎಂಬ ಹೆಸರಿಟ್ಟುಕೊಂಡಿದ್ದೇನೆ, ಊರು ಶಿರಸಿ. ನೀವು ನಿಮ್ಮ ಹೆಸರು, ನಿಮ್ಮ ಊರು ಹಾಕಿಕೊಳ್ಳಿ.

```
ಗಿರಿಜಾ
ಊರು ಶಿರಸಿ. ಅಡಿಕೆ ತೋಟ ನೋಡಿಕೊಳ್ಳುತ್ತೇನೆ.
ತಾಳಮದ್ದಳೆ ಎಂದರೆ ಪ್ರಾಣ.
```

ಇದನ್ನು `index.html` ಎಂಬ ಹೆಸರಿನಲ್ಲಿ ಉಳಿಸಿ. ಉಳಿಸುವಾಗ Save as type ಎಂಬಲ್ಲಿ All files ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ವಿಂಡೋಸ್ ಅದನ್ನು `index.html.txt` ಮಾಡಿಬಿಡುತ್ತದೆ. ಕೊನೆಯ `.txt` ಸಾಮಾನ್ಯವಾಗಿ ಕಣ್ಣಿಗೆ ಕಾಣುವುದೂ ಇಲ್ಲ. ಫೈಲಿನ ಮೇಲೆ ಎರಡು ಸಲ ಒತ್ತಿದಾಗ ಬ್ರೌಸರ್ ಬದಲು ನೋಟ್‌ಪ್ಯಾಡೇ ತೆರೆದುಕೊಂಡರೆ ಆಗಿರುವುದು ಇದೇ ಎಂದು ತಿಳಿಯಿರಿ.

ಸರಿಯಾಗಿ ಉಳಿಸಿದ ಫೈಲು ಬ್ರೌಸರಿನಲ್ಲಿ ತೆರೆಯುತ್ತದೆ, ಆದರೆ ಮೂರು ಸಾಲು ಸೇರಿ ಒಂದೇ ಸಾಲಾಗಿರುತ್ತದೆ. ನೀವು ಒತ್ತಿದ ಎಂಟರ್ ಕೀಲಿಗೆ ಬೆಲೆಯೇ ಸಿಕ್ಕಿಲ್ಲ. ಹೊಸ ಸಾಲು ಒಂದಿರಲಿ ಹತ್ತಿರಲಿ, ಬ್ರೌಸರ್ ಅದನ್ನು ಒಂದು ಖಾಲಿ ಜಾಗವಾಗಿ ಮಾತ್ರ ಎಣಿಸುತ್ತದೆ. ಯಾವುದು ಶೀರ್ಷಿಕೆ, ಯಾವುದು ಪ್ಯಾರಾ ಎಂದು ನಾವೇ ಗುರುತು ಹಾಕಿ ಹೇಳಬೇಕು. ಆ ಗುರುತೇ ಟ್ಯಾಗ್.

```html
<h1>ಗಿರಿಜಾ</h1>
<p>ಊರು ಶಿರಸಿ. ಅಡಿಕೆ ತೋಟ ನೋಡಿಕೊಳ್ಳುತ್ತೇನೆ.</p>
<p><b>ತಾಳಮದ್ದಳೆ</b> ಎಂದರೆ ಪ್ರಾಣ.</p>
```

ಉಳಿಸಿ, ಬ್ರೌಸರಿನಲ್ಲಿ F5 ಒತ್ತಿ. ಹೆಸರು ದೊಡ್ಡದಾಗಿ ಮೇಲೆ ಬಂತು, ಕೆಳಗೆ ಎರಡು ಪ್ಯಾರಾ ಬೇರೆಬೇರೆಯಾಗಿ ನಿಂತವು. `<h1>` ಎಂಬುದು ತೆರೆಯುವ ಟ್ಯಾಗ್, `</h1>` ಮುಚ್ಚುವ ಟ್ಯಾಗ್. ಎರಡಕ್ಕೂ ಇರುವ ವ್ಯತ್ಯಾಸ ಒಂದು ಓರೆಗೆರೆ ಮಾತ್ರ.

ಎಲಿಮೆಂಟ್ ಎಂದರೆ ತೆರೆಯುವ ಟ್ಯಾಗು, ಒಳಗಿನ ವಿಷಯ, ಮುಚ್ಚುವ ಟ್ಯಾಗು, ಈ ಮೂರೂ ಸೇರಿದ ಇಡೀ ಭಾಗ. `<h1>` ಎನ್ನುವುದು ಬರೀ ಗುರುತು, `<h1>ಗಿರಿಜಾ</h1>` ಎನ್ನುವುದು ಎಲಿಮೆಂಟ್. ಮಾತಿನಲ್ಲಿ ಎಲ್ಲರೂ ಎರಡನ್ನೂ ಟ್ಯಾಗ್ ಎಂದೇ ಕರೆಯುತ್ತಾರೆ, ಅದರಿಂದ ದಿನದ ಕೆಲಸವೇನೂ ಕೆಡುವುದಿಲ್ಲ. ಆದರೆ ಪುಟ ಕೆಟ್ಟು ತಪ್ಪು ಹುಡುಕುವ ಹೊತ್ತಿಗೆ ಈ ಭೇದ ತಿಳಿದಿರಲೇಬೇಕು, ಏಕೆಂದರೆ ನಾವು ಟೈಪು ಮಾಡುವುದು ಟ್ಯಾಗುಗಳನ್ನು, ಬ್ರೌಸರ್ ಕಟ್ಟಿಕೊಳ್ಳುವುದು ಎಲಿಮೆಂಟುಗಳನ್ನು. ಎಲ್ಲಿ ಶುರು, ಎಲ್ಲಿ ಕೊನೆ ಎಂಬುದನ್ನು ಅದು ನಮ್ಮ ಟ್ಯಾಗುಗಳನ್ನು ನೋಡಿಯೇ ತೀರ್ಮಾನಿಸುತ್ತದೆ.

ಒಂದು ಎಲಿಮೆಂಟಿನೊಳಗೆ ಇನ್ನೊಂದು ಕೂರಬಹುದು. ಮೇಲಿನ ಮೂರನೇ ಸಾಲಿನಲ್ಲಿ `p` ಒಳಗೆ `b` ಕೂತಿದೆ. ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಿಯೊಳಗೆ ಚಿಕ್ಕ ಡಬ್ಬಿ ಇಟ್ಟಂತೆ, ಒಳಗಿನದರ ಮುಚ್ಚಳ ಮೊದಲು ಹಾಕಬೇಕು, ಹೊರಗಿನದು ಆಮೇಲೆ. `</b>` ಬರೆಯುವುದನ್ನು ಮರೆತು ನೋಡಿ. ತಾಳಮದ್ದಳೆ ಎಂಬ ಪದ ಮಾತ್ರವಲ್ಲ, ಆ ಪ್ಯಾರಾ ಪೂರ್ತಿ, ಅದರ ಕೆಳಗೆ ಇನ್ನೇನಿದ್ದರೂ ಅದೂ ದಪ್ಪ ಅಕ್ಷರವಾಗುತ್ತದೆ. ಅದೇ `</p>` ಮರೆತರೆ ಏನೂ ಆಗುವುದಿಲ್ಲ. ಇನ್ನೊಂದು `<p>` ಕಂಡ ಕೂಡಲೇ ಹಿಂದಿನ ಪ್ಯಾರಾ ಮುಗಿಯಿತೆಂದು ಬ್ರೌಸರ್ ತಿಳಿಯುತ್ತದೆ, ನಿಯಮವೂ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಹಾಗಿದ್ದರೂ ಮುಚ್ಚುವ ರೂಢಿ ಇಟ್ಟುಕೊಳ್ಳುವುದೇ ಒಳ್ಳೆಯದು. ಯಾವುದಕ್ಕೆ ವಿನಾಯಿತಿ ಇದೆ, ಯಾವುದಕ್ಕಿಲ್ಲ ಎಂದು ನೆನಪಿಟ್ಟುಕೊಳ್ಳುವುದಕ್ಕಿಂತ ನಾಲ್ಕು ಅಕ್ಷರ ಟೈಪು ಮಾಡುವುದು ಸುಲಭ.

ಇನ್ನು ಫೋಟೊ, ಜೊತೆಗೊಂದು ಕೊಂಡಿ. ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದಾಗ 1991ರಲ್ಲಿ ಮೊದಲ ಟ್ಯಾಗುಗಳ ವಿವರಣೆ ಬರೆದರು. ಅದರಲ್ಲಿ ಕೊಂಡಿಗೆ ಬೇಕಾದ `a` ಇತ್ತು, ಚಿತ್ರಕ್ಕೆ ಬೇಕಾದ `img` ಇರಲಿಲ್ಲ. ಅದು ಬಂದದ್ದು 1993ರಲ್ಲಿ, ಮೊಸಾಯಿಕ್ ಬ್ರೌಸರಿನ ಜೊತೆ. ಈ ಎರಡಕ್ಕೂ ಬರೀ ಟ್ಯಾಗಿನ ಹೆಸರು ಸಾಲದು. ಕೊಂಡಿ ಎಲ್ಲಿಗೆ? ಚಿತ್ರ ಯಾವುದು? ಈ ಹೆಚ್ಚಿನ ಮಾಹಿತಿಯನ್ನು ತೆರೆಯುವ ಟ್ಯಾಗಿನ ಒಳಗೇ ಬರೆಯುತ್ತೇವೆ. ಅದಕ್ಕೆ ಆಟ್ರಿಬ್ಯೂಟ್ ಎಂದು ಹೆಸರು.

```html
<p>ಬಿಡುವಾದಾಗ <a href="https://kn.wikipedia.org/">ಕನ್ನಡ
ವಿಕಿಪೀಡಿಯ</a> ಓದುತ್ತೇನೆ.</p>
<img src="tota.jpg" alt="ಅಡಿಕೆ ಮರಗಳ ಸಾಲು, ನಡುವೆ ಕಾಲುದಾರಿ">
```

ಇದನ್ನು ಎರಡು ಪ್ಯಾರಾಗಳ ನಡುವೆ ಸೇರಿಸಿ. `tota.jpg` ಎಂಬ ಫೋಟೊ ಪುಟದ ಫೈಲು ಇರುವ ಫೋಲ್ಡರಿನಲ್ಲೇ ಇರಬೇಕು. ಆಟ್ರಿಬ್ಯೂಟಿನ ರಚನೆ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲು ಹೆಸರು, ಆಮೇಲೆ ಸಮಚಿಹ್ನೆ, ಆಮೇಲೆ ಉದ್ಧರಣ ಚಿಹ್ನೆಗಳ ನಡುವೆ ಬೆಲೆ. ಇಲ್ಲಿ `href` ಹೆಸರು, ವಿಕಿಪೀಡಿಯದ ವಿಳಾಸ ಅದರ ಬೆಲೆ. `img` ಎಲಿಮೆಂಟಿಗೆ ಮುಚ್ಚುವ ಟ್ಯಾಗ್ ಇಲ್ಲ ಎಂಬುದನ್ನೂ ಗಮನಿಸಿ. ಅದರೊಳಗೆ ಇಡುವಂಥ ಬರಹವೇನೂ ಇಲ್ಲ, ಹೇಳಬೇಕಾದುದೆಲ್ಲ ಆಟ್ರಿಬ್ಯೂಟುಗಳಲ್ಲೇ ಮುಗಿಯುತ್ತದೆ.

`alt` ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಹಲವರು ಅದನ್ನು ಖಾಲಿ ಬಿಡುತ್ತಾರೆ. ಚಿತ್ರ ಸಿಗದಿದ್ದಾಗ ಅದರ ಜಾಗದಲ್ಲಿ ಕಾಣುವುದು ಈ ಬರಹ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಚಿತ್ರದ ಬಳಿ ಬಂದಾಗ ಓದಿ ಹೇಳುವುದೂ ಇದನ್ನೇ. ಅಲ್ಲಿ ‘ಫೋಟೊ’ ಎಂದಷ್ಟೇ ಬರೆದರೆ ಕೇಳುವವರಿಗೆ ಏನೂ ದಕ್ಕುವುದಿಲ್ಲ. ಚಿತ್ರದಲ್ಲಿ ಏನಿದೆಯೋ ಅದನ್ನು ಬರೆಯಿರಿ.

ಈಗ ಬೇಕೆಂದೇ ಒಂದು ತಪ್ಪು ಮಾಡೋಣ. `href` ಬೆಲೆಯ ಕೊನೆಯ ಉದ್ಧರಣ ಚಿಹ್ನೆಯನ್ನು ಅಳಿಸಿ, ಉಳಿಸಿ, F5 ಒತ್ತಿ. ‘ಬಿಡುವಾದಾಗ’ ಎಂಬ ಪದ ಉಳಿದಿದೆ, ಮುಂದಿನ ‘ಕನ್ನಡ ವಿಕಿಪೀಡಿಯ ಓದುತ್ತೇನೆ’ ಎಂಬುದು ಮಾಯವಾಗಿದೆ. ಫೋಟೊವೂ ಇಲ್ಲ. ಕೆಳಗಿನ ತಾಳಮದ್ದಳೆಯ ಪ್ಯಾರಾಕ್ಕೆ ಮಾತ್ರ ನೀವು ಕೇಳದೇ ಇದ್ದ ಅಡಿಗೆರೆ ಬಂದು ಅದು ಕೊಂಡಿಯಾಗಿ ಕೂತಿದೆ. ತಪ್ಪಾಗಿದೆ ಎಂಬ ಸೂಚನೆ ಪರದೆಯ ಮೇಲೆ ಎಲ್ಲಿಯೂ ಇಲ್ಲ.

ಆದದ್ದಿಷ್ಟು. ಬೆಲೆ ಮುಗಿಯುವುದು ಉದ್ಧರಣ ಚಿಹ್ನೆ ಸಿಕ್ಕಾಗ. ಇದ್ದ ಜಾಗದಲ್ಲಿ ಅದು ಸಿಗಲಿಲ್ಲ, ಹಾಗಾಗಿ ಬ್ರೌಸರ್ ಹುಡುಕುತ್ತಾ ಮುಂದೆ ಹೋಯಿತು. ವಿಕಿಪೀಡಿಯದ ಹೆಸರು, `</a>`, `</p>`, `<img` ಎಲ್ಲವನ್ನೂ ವಿಳಾಸದ ಭಾಗವೆಂದೇ ನುಂಗಿಕೊಂಡು, `src=` ಆದಮೇಲೆ ಬರುವ ಚಿಹ್ನೆಯ ಬಳಿ ನಿಂತಿತು. `img` ಒಂದು ಟ್ಯಾಗೇ ಆಗಲಿಲ್ಲ, ಫೋಟೊ ಬರುವುದು ಹೇಗೆ? `</a>` ಕೂಡ ನುಂಗಿಹೋದದ್ದರಿಂದ ಕೊಂಡಿ ಮುಚ್ಚಲಿಲ್ಲ, ಅದು ಮುಂದಿನ ಪ್ಯಾರಾಕ್ಕೂ ಹರಿಯಿತು. ಹೀಗೆ ಒಂದು ಚಿಹ್ನೆ ಬಿಟ್ಟದ್ದಕ್ಕೆ ಮೂರು ಕಡೆ ಕೆಟ್ಟಿತು. ಪುಟ ಕೆಟ್ಟಾಗ ಕೆಟ್ಟಂತೆ ಕಾಣುವ ಜಾಗವನ್ನಲ್ಲ, ಅದಕ್ಕೆ ಸ್ವಲ್ಪ ಹಿಂದಿನ, ಎಲ್ಲವೂ ಸರಿಯಿದ್ದ ಕೊನೆಯ ಪದದ ಆಸುಪಾಸನ್ನು ನೋಡಬೇಕು. ನಮ್ಮ ಪುಟದಲ್ಲಿ ಅದು ‘ಬಿಡುವಾದಾಗ’.

ಬ್ರೌಸರ್ ಏಕೆ ತಪ್ಪೆಂದು ಹೇಳುವುದಿಲ್ಲ? ಮೊದಲಿನಿಂದಲೂ ಅದು ತಪ್ಪಿರುವ ಪುಟವನ್ನೂ ಆದಷ್ಟು ತೋರಿಸಿಯೇ ಬಿಡುವ ದಾರಿ ಹಿಡಿದಿದೆ. ಹಿಂದೆ ಒಂದೊಂದು ಬ್ರೌಸರ್ ಒಂದೊಂದು ರೀತಿ ಊಹಿಸುತ್ತಿತ್ತು. ಎಚ್‌ಟಿಎಂಎಲ್5 ಬಂದಮೇಲೆ ತಪ್ಪಿದ್ದಾಗ ಹೇಗೆ ಊಹಿಸಬೇಕೆಂಬುದಕ್ಕೂ ನಿಯಮವಾಯಿತು, ಈಗ ಎಲ್ಲವೂ ಒಂದೇ ರೀತಿ ಊಹಿಸುತ್ತವೆ. ಅದು ಏನೆಂದು ಊಹಿಸಿತು ಎಂದು ನೋಡಲು F12 ಒತ್ತಿ. ಅಲ್ಲಿ ಕಾಣುವುದು ನೀವು ಟೈಪು ಮಾಡಿದ ಟ್ಯಾಗುಗಳಲ್ಲ, ಬ್ರೌಸರ್ ಕಟ್ಟಿಕೊಂಡ ಎಲಿಮೆಂಟುಗಳು. ನೀವು ಟೈಪು ಮಾಡಿದ್ದನ್ನೇ ನೋಡಬೇಕಿದ್ದರೆ Ctrl+U. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ದಾರಿ ತಪ್ಪಿತೆಂದು ಗೊತ್ತಾಗುತ್ತದೆ. ಫೈರ್‌ಫಾಕ್ಸಿನಲ್ಲಿ Ctrl+U ಒತ್ತಿದರೆ ತಪ್ಪಿರುವ ಜಾಗ ಕೆಂಪಾಗಿಯೂ ಕಾಣುತ್ತದೆ.

ಇನ್ನೊಂದು ಬಗೆಯ ತಪ್ಪು ವರ್ಡ್‌ನಲ್ಲಿ ಬರೆದು ತಂದು ಅಂಟಿಸುವವರಿಗೆ ಆಗುತ್ತದೆ. ವರ್ಡ್ ನೇರ ಉದ್ಧರಣ ಚಿಹ್ನೆಯನ್ನು ತಾನಾಗಿಯೇ ಬಾಗಿದ ಚಿಹ್ನೆಯಾಗಿ ಬದಲಿಸುತ್ತದೆ. ಓದುವ ಕಣ್ಣಿಗೆ ಎರಡೂ ಒಂದೇ, ಬ್ರೌಸರಿಗೆ ಬಾಗಿದ್ದು ಚಿಹ್ನೆಯೇ ಅಲ್ಲ. `alt` ಬೆಲೆ ಮೊದಲ ಪದಕ್ಕೇ ತುಂಡಾಗುತ್ತದೆ, ಕೊಂಡಿ ಒತ್ತಿದರೆ ಇಲ್ಲದ ಫೈಲನ್ನು ಹುಡುಕುತ್ತದೆ.

ಕೊನೆಗೆ ಪುಟಕ್ಕೆ ಹೊರಗಿನ ಚೌಕಟ್ಟು. ಇಷ್ಟು ಹೊತ್ತು ಬರೆದದ್ದೆಲ್ಲ ಇದರ `body` ಒಳಗೆ ಹೋಗುತ್ತದೆ.

```html
<!DOCTYPE html>
<html lang="kn">
<head>
<meta charset="utf-8">
<title>ಗಿರಿಜಾ, ಶಿರಸಿ</title>
</head>
<body>
</body>
</html>
```

`title` ಒಳಗಿನ ಬರಹ ಪುಟದಲ್ಲಿ ಕಾಣುವುದಿಲ್ಲ, ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಕಾಣುತ್ತದೆ. ಇದನ್ನು ಮುಚ್ಚಲು ಮರೆತರೆ ಪುಟ ಪೂರ್ತಿ ಖಾಲಿ, ಏಕೆಂದರೆ `</title>` ಸಿಗುವವರೆಗೆ ಬರುವುದೆಲ್ಲ ಹೆಸರಿನ ಭಾಗವೆಂದೇ ಲೆಕ್ಕ.

ಇಲ್ಲಿರುವ ಎರಡು ಆಟ್ರಿಬ್ಯೂಟುಗಳು ಕನ್ನಡದಲ್ಲಿ ಬರೆಯುವವರಿಗೆ ತೀರ ಅಗತ್ಯ. `lang="kn"` ಎಂದರೆ ಪುಟದ ಭಾಷೆ ಕನ್ನಡ. ಸ್ಕ್ರೀನ್ ರೀಡರ್ ಕನ್ನಡದ ಧ್ವನಿಗೆ ಬದಲಾಗುವುದು ಇದನ್ನು ನೋಡಿಕೊಂಡೇ. ಇನ್ನೊಂದು `charset="utf-8"`. ಕನ್ನಡದ ಒಂದೊಂದು ಅಕ್ಷರ ಅಥವಾ ಸ್ವರಚಿಹ್ನೆ ಯುಟಿಎಫ್-8ರಲ್ಲಿ 3 ಬೈಟುಗಳಾಗಿ ಉಳಿಯುತ್ತದೆ. ಅದನ್ನು ಹೇಳದಿದ್ದರೆ ಬ್ರೌಸರ್ ಕೆಲವೊಮ್ಮೆ ಒಂದೊಂದು ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ಓದುತ್ತದೆ. ಆಗ ಹೆಸರಿನ ಜಾಗದಲ್ಲಿ `à²` ಎಂಬ ಜೋಡಿ ಮತ್ತೆ ಮತ್ತೆ ಕಾಣುತ್ತದೆ. ಹಾಗೆ ಕಂಡರೆ `meta` ಸಾಲು ಇದೆಯೇ ನೋಡಿ.

ಆದರೆ ‘ಕನ್ನಡ’ ಎಂದು ಬರೆದದ್ದು `PÀ£ÀßqÀ` ಎಂದು ಕಂಡರೆ ಅದು ಬೇರೆಯೇ ತೊಂದರೆ. ನುಡಿಯ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪು ಮಾಡಿದ ಬರಹ ಅದು. ಫೈಲಿನೊಳಗೆ ಇರುವುದೇ ಲ್ಯಾಟಿನ್ ಅಕ್ಷರಗಳು, ಕನ್ನಡ ಕಾಣುತ್ತಿದ್ದದ್ದು ಫಾಂಟಿನಿಂದ. ಯಾವ ಆಟ್ರಿಬ್ಯೂಟೂ ಅದನ್ನು ಸರಿಪಡಿಸದು. ಬರಹವನ್ನೇ ಯುನಿಕೋಡಿಗೆ ಪರಿವರ್ತಿಸಿ ತರಬೇಕು.

ಈ ಪುಟ ಸದ್ಯ ನಿಮ್ಮ ಕಂಪ್ಯೂಟರಿನಲ್ಲಿದೆ, ನಿಮಗಷ್ಟೇ ಕಾಣುತ್ತದೆ. ಮುಂದೆ ಸರ್ವರಿಗೆ ಏರಿಸುವಾಗ ಎರಡು ವಿಷಯ ನೋಡಿಕೊಳ್ಳಿ. ವಿಂಡೋಸಿನಲ್ಲಿ `Tota.JPG`, `tota.jpg` ಎರಡೂ ಒಂದೇ, ಹೆಚ್ಚಿನ ಸರ್ವರುಗಳಲ್ಲಿ ಬೇರೆಬೇರೆ. ಮನೆಯಲ್ಲಿ ಕಂಡ ಫೋಟೊ ಅಲ್ಲಿ ಕಾಣದಿರಲು ಮೊದಲ ಕಾರಣ ಇದೇ, ಆದ್ದರಿಂದ ಫೈಲುಗಳಿಗೆ ಸಣ್ಣ ಅಕ್ಷರದ ಹೆಸರನ್ನೇ ಇಡಿ. ಮತ್ತೆ, Ctrl+U ಎಲ್ಲರ ಕೀಲಿಮಣೆಯಲ್ಲೂ ಇದೆ. ಪುಟದಲ್ಲಿ ಕಾಣದಂತೆ `<!--` ಮತ್ತು `-->` ನಡುವೆ ಬರೆದಿಟ್ಟ ಟಿಪ್ಪಣಿಯನ್ನೂ ಯಾರು ಬೇಕಾದರೂ ಓದಬಹುದು. ಫೋನ್ ನಂಬರು, ಮನೆ ವಿಳಾಸ, ಹುಟ್ಟಿದ ದಿನಾಂಕ ಇವನ್ನು ಅಲ್ಲಿಯೂ ಬರೆಯಬೇಡಿ.