ಮೂಗು ಸೋರಿತು, ಸೈನಸ್ ಅಂದರು: ರಾತ್ರಿ ಒಂದೂವರೆಯ ಕಣ್ಣುನೋವಿನ ಲೆಕ್ಕ

ರಾತ್ರಿ ಒಂದೂವರೆಗೆ ಎಚ್ಚರವಾಗುತ್ತಿತ್ತು. ಅಲಾರಂ ಇಟ್ಟುಕೊಂಡು ಮಲಗಿದವರ ಹಾಗೆ, ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಮೊದಲು ಬಲಗಣ್ಣಿನ ಹಿಂದೆ ಏನೋ ಒತ್ತಿದಂತೆ ಅನಿಸುತ್ತಿತ್ತು. ಹತ್ತು ನಿಮಿಷ ಕಳೆಯುವುದರೊಳಗೆ ಕಾದ ಸಲಾಕೆಯನ್ನು ಯಾರೋ ಒಳಗಿನಿಂದ ಕಣ್ಣುಗುಡ್ಡೆಗೆ ಚುಚ್ಚಿ ಹೊರಕ್ಕೆ ತಳ್ಳುತ್ತಿರುವ ಹಾಗೆ. ಬಲಗಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ರೆಪ್ಪೆ ಜೋತು ಬೀಳುತ್ತಿತ್ತು. ಬಲಗಡೆಯ ಮೂಗಿನ ಹೊಳ್ಳೆ ಮೊದಲು ಕಟ್ಟಿಕೊಂಡು ಆಮೇಲೆ ನಲ್ಲಿಯ ಹಾಗೆ ಸೋರುತ್ತಿತ್ತು. ಎಡಗಡೆ ಮಾತ್ರ ಏನೂ ಇಲ್ಲ, ಆ ಅರ್ಧ ಮುಖ ಬೇರೆ ಯಾರದ್ದೋ ಅನ್ನುವಷ್ಟು ನೆಮ್ಮದಿಯಾಗಿರುತ್ತಿತ್ತು.

ಮಲಗಿರಲು ಆಗುತ್ತಿರಲಿಲ್ಲ. ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಓಡಾಡುತ್ತಿದ್ದೆ. ಫ್ರಿಜ್ ಬಾಗಿಲಿಗೆ ಹಣೆ ಒತ್ತಿ ನಿಲ್ಲುತ್ತಿದ್ದೆ. ಒಂದು ರಾತ್ರಿ ಗೋಡೆಗೆ ತಲೆ ಚಚ್ಚಿಕೊಂಡಿದ್ದೂ ಉಂಟು. ಎರಡೂಕಾಲರ ಹೊತ್ತಿಗೆ ನೋವು ಬಂದಷ್ಟೇ ಬೇಗ ಇಳಿದುಬಿಡುತ್ತಿತ್ತು. ಬೆಳಗ್ಗೆ ಒಂಬತ್ತಕ್ಕೆ ಆಫೀಸಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದವನನ್ನು ನೋಡಿ ಯಾರು ತಾನೇ ನಂಬುತ್ತಾರೆ?

"ಸೈನಸ್ ಕಣೋ, ನೀಲಗಿರಿ ಎಣ್ಣೆ ಹಾಕ್ಕೊಂಡು ಹಬೆ ತಗೋ," ಅಂದಳು ಊರಿಂದ ಅಮ್ಮ. ಬೀದಿ ಕೊನೆಯ ಕ್ಲಿನಿಕ್ಕಿನ ವೈದ್ಯರು ಐದು ದಿನದ ಆಂಟಿಬಯಾಟಿಕ್ ಬರೆದರು. ಕಿವಿ-ಮೂಗು-ಗಂಟಲು ತಜ್ಞರು ಸಿಟಿ ಸ್ಕ್ಯಾನ್ ಮಾಡಿಸಿದರು. ಬಲ ಕೆನ್ನೆಯ ಸೈನಸ್ ಒಳಪದರ ಸ್ವಲ್ಪ ದಪ್ಪವಾಗಿದೆ ಅಂತ ವರದಿ ಬಂತು. ಅಲ್ಲಿಗೆ ಎಲ್ಲರಿಗೂ ಸಮಾಧಾನ, ನನಗೂ. ನಾಲ್ಕು ವರ್ಷ ಹೀಗೇ ನಡೆಯಿತು. ಚಳಿಗಾಲಕ್ಕೆ ಶುರುವಾಗುತ್ತಿತ್ತು, ಆರೇಳು ವಾರ ಕಾಡುತ್ತಿತ್ತು, ಆಮೇಲೆ ವರ್ಷವಿಡೀ ಸುದ್ದಿಯೇ ಇಲ್ಲ. ನಾಲ್ಕನೇ ವರ್ಷ ಮೂಗಿನೊಳಗೆ ಕ್ಯಾಮೆರಾ ಬಿಟ್ಟು ಸೈನಸ್ ಆಪರೇಷನ್ ಮಾಡುವುದೆಂದು ದಿನಾಂಕವೂ ನಿಗದಿಯಾಯಿತು.

ನಾನು ಓದಿದ್ದು ಎಂಜಿನಿಯರಿಂಗ್. ಆ ಓದಿನಲ್ಲಿ ಉಳಿದುಕೊಂಡ ಒಂದೇ ಒಳ್ಳೆ ಚಟ ಅಂದರೆ ಕೆಟ್ಟುಹೋದ ಯಂತ್ರಕ್ಕೆ ಲಾಗ್ ಬರೆಯುವುದು. ಆಪರೇಷನ್ನಿಗೆ ಮೂರು ವಾರ ಇತ್ತು. ಫೋನಿನಲ್ಲಿ ನಾಲ್ಕು ಕಾಲಂ ಮಾಡಿಕೊಂಡೆ: ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಯಾವ ಕಡೆ. ಹತ್ತೊಂಬತ್ತು ದಿನದಲ್ಲಿ ಇಪ್ಪತ್ಮೂರು ಸಲ ನೋವು ಬಂದಿತ್ತು. ಒಂದೂ ಸಲ ಎಡಕ್ಕೆ ಹೋಗಿರಲಿಲ್ಲ. ಮೂವತ್ತೈದು ನಿಮಿಷಕ್ಕಿಂತ ಕಡಿಮೆ ಇರಲಿಲ್ಲ, ಒಂದು ಗಂಟೆ ದಾಟಿರಲಿಲ್ಲ. ಬಹುಪಾಲು ಒಂದೂಕಾಲರಿಂದ ಒಂದು ಮುಕ್ಕಾಲರ ಒಳಗೆ ಶುರುವಾಗಿತ್ತು. ಹಗಲು ಬಂದ ನಾಲ್ಕರಲ್ಲಿ ಎರಡು, ಗೆಳೆಯರ ಜತೆ ಬಿಯರ್ ಕುಡಿದ ಅರ್ಧ ಗಂಟೆಗೆ.

ಸೋಂಕಿಗೆ ಗಡಿಯಾರ ಗೊತ್ತಿರುತ್ತದಾ? ಕೀವು ಕಟ್ಟಿದ ಸೈನಸ್ ರಾತ್ರಿ ಒಂದೂವರೆಗೆ ಎದ್ದು ಎರಡೂಕಾಲಿಗೆ ಹೇಗೆ ಮಲಗುತ್ತದೆ? ಈ ಪ್ರಶ್ನೆ ಇಟ್ಟುಕೊಂಡು ನರರೋಗ ತಜ್ಞರೊಬ್ಬರ ಬಳಿ ಹೋದೆ. ಅವರು ಕಾಲಂಗಳ ಮೇಲೆ ಕಣ್ಣಾಡಿಸಿ ಒಂದೇ ಪ್ರಶ್ನೆ ಕೇಳಿದರು: "ನೋವು ಬಂದಾಗ ಮಲಗ್ತೀರಾ, ಓಡಾಡ್ತೀರಾ?" ಓಡಾಡ್ತೀನಿ ಅಂದೆ. ಮೈಗ್ರೇನ್ ಇರುವವರು ಕತ್ತಲ ಕೋಣೆಯಲ್ಲಿ ಅಲ್ಲಾಡದೆ ಮಲಗಲು ನೋಡುತ್ತಾರೆ. ಕೂರಲಾಗದೆ ಚಡಪಡಿಸುವುದು ಕ್ಲಸ್ಟರ್ ತಲೆನೋವಿನ ಗುರುತು.

ಕ್ಲಸ್ಟರ್ ಅಂದರೆ ಗೊಂಚಲು. ನೋವಿನ ದಾಳಿಗಳು ಕೆಲವು ವಾರ ಗೊಂಚಲಾಗಿ ಬಂದು ಆಮೇಲೆ ತಿಂಗಳುಗಟ್ಟಲೆ ಮಾಯವಾಗುವುದರಿಂದ ಈ ಹೆಸರು. ಅಂತಾರಾಷ್ಟ್ರೀಯ ತಲೆನೋವು ವರ್ಗೀಕರಣದ ಪ್ರಕಾರ ಒಂದು ದಾಳಿ 15 ನಿಮಿಷದಿಂದ 180 ನಿಮಿಷ ಇರುತ್ತದೆ. ಎರಡು ದಿನಕ್ಕೊಂದರಿಂದ ಹಿಡಿದು ದಿನಕ್ಕೆ ಎಂಟರವರೆಗೂ ಬರಬಹುದು. ಸಾವಿರಕ್ಕೆ ಸುಮಾರು ಒಬ್ಬರಿಗೆ ಇರುವ ಕಾಯಿಲೆ. ಗಂಡಸರಲ್ಲಿ ಹೆಚ್ಚು. ಹಾಗಂತ ಇದು ಗಂಡಸರ ಕಾಯಿಲೆ ಅಂದುಕೊಂಡೇ ಎಷ್ಟೋ ಹೆಣ್ಣುಮಕ್ಕಳಿಗೆ ರೋಗದ ಹೆಸರು ಇನ್ನೂ ತಡವಾಗಿ ಗೊತ್ತಾಗುತ್ತದೆ.

ಹಾಗಾದರೆ ಮೂಗು ಯಾಕೆ ಸೋರುತ್ತದೆ? ನನ್ನನ್ನೂ, ಅಮ್ಮನನ್ನೂ, ವೈದ್ಯರನ್ನೂ ದಾರಿ ತಪ್ಪಿಸಿದ್ದು ಇದೇ. ಮುಖದ ನೋವನ್ನು ಮಿದುಳಿಗೆ ಒಯ್ಯುವುದು ಟ್ರೈಜೆಮಿನಲ್ ನರ. ಅದರ ಮೇಲಿನ ಕವಲು ಕಣ್ಣು, ಹಣೆಯ ಭಾಗ ನೋಡಿಕೊಳ್ಳುತ್ತದೆ. ಆ ಕವಲಿನಲ್ಲಿ ನೋವಿನ ಸಂಕೇತ ಜೋರಾಗಿ ಹರಿದಾಗ ಮಿದುಳಿನ ಕಾಂಡದಲ್ಲಿ ಒಂದು ಪ್ರತಿಕ್ರಿಯೆ ಏಳುತ್ತದೆ. ಅಲ್ಲಿಂದ ಬೇರೊಂದು ನರದ ಮೂಲಕ, ಮೂಗಿನ ಹಿಂದೆ ಆಳದಲ್ಲಿರುವ ಪುಟ್ಟ ನರಗಂಟಿಗೆ ಆದೇಶ ಹೋಗುತ್ತದೆ. ಆ ಗಂಟು ಕಣ್ಣೀರಿನ ಗ್ರಂಥಿಗೆ ಸುರಿಸು ಅನ್ನುತ್ತದೆ, ಮೂಗಿನ ಒಳಪದರದ ರಕ್ತನಾಳಗಳಿಗೆ ಹಿಗ್ಗು ಅನ್ನುತ್ತದೆ. ಕಣ್ಣಿಗೆ ಧೂಳು ಬಿದ್ದಾಗ ನೀರು ಬರುವುದೂ ಇಂಥದ್ದೇ ಏರ್ಪಾಡಿನಿಂದ. ವ್ಯತ್ಯಾಸ ಏನೆಂದರೆ ಇಲ್ಲಿ ಧೂಳೇ ಇಲ್ಲ, ತಂತಿ ತಾನಾಗಿಯೇ ಉರಿಯುತ್ತಿದೆ. ಅಂದರೆ ಮೂಗು ಕಟ್ಟಿದ್ದರಿಂದ ನೋವು ಬಂದದ್ದಲ್ಲ, ನೋವಿನ ಏರ್ಪಾಡೇ ಮೂಗನ್ನೂ ಕಟ್ಟಿಸಿತು.

ಗಡಿಯಾರದ ಗುಟ್ಟು ಇನ್ನೂ ಒಳಗಿದೆ. 1998ರಲ್ಲಿ ಲಂಡನ್ನಿನ ಸಂಶೋಧಕರು ದಾಳಿ ನಡೆಯುತ್ತಿರುವಾಗಲೇ ರೋಗಿಗಳ ಮಿದುಳಿನ ಪೆಟ್ ಸ್ಕ್ಯಾನ್ ಮಾಡಿದರು. ನೋವಿರುವ ಬದಿಯ ಹೈಪೋಥಲಾಮಸ್ ಭಾಗ ಚುರುಕಾಗಿದ್ದದ್ದು ಕಂಡಿತು. ನಿದ್ದೆ, ಎಚ್ಚರ, ಋತು ಬದಲಾವಣೆಗೆ ದೇಹ ಹೊಂದಿಕೊಳ್ಳುವುದು, ಎಲ್ಲದರ ಗಡಿಯಾರ ಇರುವುದು ಇಲ್ಲೇ. ಮಲಗಿದ ಒಂದೆರಡು ಗಂಟೆಗೆ ನೋವು ಬರುವುದು, ವರ್ಷದ ಅದೇ ತಿಂಗಳಲ್ಲಿ ಗೊಂಚಲು ಶುರುವಾಗುವುದು ಇದರಿಂದ ಒಂದಷ್ಟು ಅರ್ಥವಾಗುತ್ತದೆ. ಪೂರ್ತಿ ಕಾರಣ ಮಾತ್ರ ಇನ್ನೂ ಯಾರಿಗೂ ಬಗೆಹರಿದಿಲ್ಲ.

ಮೋಸದ ಎರಡನೇ ಭಾಗಕ್ಕೆ ಬರೋಣ, ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು. ಪ್ರತಿ ದಾಳಿಯೂ ತಾನಾಗಿ ನಿಲ್ಲುತ್ತದೆ, ಪ್ರತಿ ಗೊಂಚಲೂ ತಾನಾಗಿ ಮುಗಿಯುತ್ತದೆ. ಹಾಗಾಗಿ ಕೊನೆಗೆ ಏನು ನುಂಗಿದ್ದಿರೋ ಅದಕ್ಕೆ ಕ್ರೆಡಿಟ್! ಒಂದೂವರೆಗೆ ನುಂಗಿದ ನೋವಿನ ಮಾತ್ರೆ ಹೊಟ್ಟೆಯಲ್ಲಿ ಕರಗಿ ಕೆಲಸ ಶುರುಮಾಡಲು ಅರ್ಧ, ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ದಾಳಿಯೇ ಮುಗಿದಿರುತ್ತದೆ. ಐದನೇ ವಾರ ಕೊಟ್ಟ ಆಂಟಿಬಯಾಟಿಕ್, ಆರನೇ ವಾರ ಗೊಂಚಲು ಮುಗಿದಾಗ ಗೆದ್ದ ಹಾಗೆ ಕಾಣುತ್ತದೆ. "ಹೋದ ವರ್ಷ ಇದೇ ಮಾತ್ರೆಗೆ ವಾಸಿಯಾಗಿತ್ತಲ್ಲ" ಅಂತ ಮರುವರ್ಷ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ನಾನೇ ಕೇಳಿ ತಂದಿದ್ದೆ, ಅವರೂ ಕೊಟ್ಟಿದ್ದರು. ಆಪರೇಷನ್ ಆಗಿಬಿಟ್ಟಿದ್ದರೆ ಅದಕ್ಕೂ ಹತ್ತು ತಿಂಗಳ ಕ್ರೆಡಿಟ್ ಸಿಗುತ್ತಿತ್ತು.

ಇನ್ನು ಆ ಸ್ಕ್ಯಾನ್ ವರದಿ. ಒಳಪದರ ಸ್ವಲ್ಪ ದಪ್ಪವಾಗಿರುವುದು ಸೈನಸ್ ತೊಂದರೆಯೇ ಇಲ್ಲದವರ ಸ್ಕ್ಯಾನ್‌ನಲ್ಲೂ ಆಗಾಗ ಕಾಣುತ್ತದೆ. ನಿಜವಾದ ಸೈನಸ್ ಸೋಂಕು ಸಾಮಾನ್ಯವಾಗಿ ನೆಗಡಿಯ ಹಿಂದೆ ಬರುತ್ತದೆ. ಮುಖ ಭಾರವಾಗಿ ದಿನಗಟ್ಟಲೆ ನೋಯುತ್ತದೆ. ಹಳದಿಯೋ ಹಸಿರೋ ಗಟ್ಟಿ ಸಿಂಬಳ ಬರುತ್ತದೆ, ವಾಸನೆ ಗೊತ್ತಾಗುವುದಿಲ್ಲ, ಕೆಲವರಿಗೆ ಜ್ವರವೂ ಇರುತ್ತದೆ. ನನಗೆ ಸೋರುತ್ತಿದ್ದದ್ದು ತಿಳಿನೀರು, ಅದೂ ಒಂದೇ ಹೊಳ್ಳೆಯಿಂದ, ನೋವಿರುವ ಹೊತ್ತು ಮಾತ್ರ. ಸೈನಸ್ ಅನ್ನುವ ಹೆಸರಿಗೆ ನಾವು ಎಷ್ಟು ಸುಲಭವಾಗಿ ಒಲಿಯುತ್ತೇವೆ ಅನ್ನುವುದಕ್ಕೆ 2004ರ ಅಮೆರಿಕದ ಒಂದು ಅಧ್ಯಯನ ನೋಡಿ. ತಮಗಿರುವುದು ಸೈನಸ್ ತಲೆನೋವು ಅಂದುಕೊಂಡಿದ್ದ ಸುಮಾರು 3,000 ಜನರನ್ನು ಪರಿಶೀಲಿಸಿದಾಗ ಶೇ. 88ರಷ್ಟು ಜನರ ಲಕ್ಷಣ ಹೊಂದಿದ್ದು ಮೈಗ್ರೇನಿಗೆ.

ನನ್ನ ಚಿಕಿತ್ಸೆ ಶುರುವಾದದ್ದು ಆಮ್ಲಜನಕದಿಂದ. ಹೌದು, ಬರೀ ಆಕ್ಸಿಜನ್. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ ಶುದ್ಧ ಆಕ್ಸಿಜನ್ ಕೊಟ್ಟಾಗ ಶೇ. 78ರಷ್ಟು ದಾಳಿಗಳಲ್ಲಿ ನೋವು ಇಲ್ಲವಾಯಿತು ಅಥವಾ ಸಾಕಷ್ಟು ಇಳಿಯಿತು. ಅದೇ ಮಾಸ್ಕಿನಲ್ಲಿ ಬರೀ ಗಾಳಿ ಕೊಟ್ಟಾಗ ಶೇ. 20. ಇಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ. ಕೋವಿಡ್ ಎರಡನೇ ಅಲೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿ ಕೊಂಡಿದ್ದ ಆಕ್ಸಿಜನ್ ಕಾನ್ಸಂಟ್ರೇಟರ್ ಮೂಲೆಯಲ್ಲಿತ್ತು, ಅದನ್ನೇ ತಂದೆ. ಅದು ಕೊಡುವುದು ನಿಮಿಷಕ್ಕೆ ಐದು ಲೀಟರ್, ಅದೂ ಮೂಗಿನ ಸಣ್ಣ ಕೊಳವೆಯಲ್ಲಿ. ಒಳಗೆಳೆಯುವ ಉಸಿರಿನ ಹೆಚ್ಚುಪಾಲು ಕೋಣೆಯ ಗಾಳಿಯೇ ಆಗಿರುತ್ತದೆ. ಮೂರು ರಾತ್ರಿ ಪ್ರಯೋಜನವಾಗಲಿಲ್ಲ. ಬೇಕಾದದ್ದು ಸಿಲಿಂಡರ್, 15 ಲೀಟರ್‌ವರೆಗೆ ಬಿಡುವ ರೆಗ್ಯುಲೇಟರ್, ಮತ್ತು ಬಿಟ್ಟ ಉಸಿರು ಮತ್ತೆ ಒಳಗೆ ಬಾರದಂತೆ ತಡೆಯುವ, ಚೀಲವಿರುವ ಮಾಸ್ಕ್. ಲೆಕ್ಕ ಸರಳ: 12 ಲೀಟರಿನಂತೆ 15 ನಿಮಿಷಕ್ಕೆ 180 ಲೀಟರ್. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ಅಂದರೆ ಎಂಟು ದಾಳಿಗೆ ಸಾಕು. ವೈದ್ಯರ ಚೀಟಿ ಹಿಡಿದು ಬಾಡಿಗೆಗೆ ತಂದೆ. ನೋವು ಏರುವ ಮೊದಲೇ ಮಾಸ್ಕ್ ಹಾಕಿ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತರೆ ಹನ್ನೆರಡನೇ ನಿಮಿಷಕ್ಕೆ ಕಣ್ಣು ಬಿಡಬಹುದಿತ್ತು. ಮನೆಯಲ್ಲಿ ಬೀಡಿ, ಸಿಗರೇಟು, ದೀಪ ಎಲ್ಲ ಬಂದ್.

ಆಕ್ಸಿಜನ್ ಎಲ್ಲರಿಗೂ ಕೆಲಸ ಮಾಡುವುದಿಲ್ಲ. ಚರ್ಮದಡಿ ಕೊಡುವ ಸುಮಾಟ್ರಿಪ್ಟಾನ್ ಇಂಜೆಕ್ಷನ್ ಬೇಗ ನೋವು ಇಳಿಸುತ್ತದೆ, ಆದರೆ ಹೃದಯದ ತೊಂದರೆ ಇರುವವರಿಗೆ ಅದು ಸಲ್ಲದು. ದಾಳಿಗಳೇ ಬಾರದಂತೆ ತಡೆಯಲು ವೆರಪಮಿಲ್ ಅನ್ನುವ ಬಿಪಿ ಮಾತ್ರೆ ಕೊಡುತ್ತಾರೆ. ಅದು ಹೃದಯ ಬಡಿತದ ಸಂಕೇತವನ್ನು ನಿಧಾನಿಸಬಹುದಾದ್ದರಿಂದ ಡೋಸ್ ಏರಿಸುವಾಗೆಲ್ಲ ಇಸಿಜಿ ಬೇಕು. ಇವು ಯಾವುವೂ ಸ್ವಂತವಾಗಿ ಮಾಡಿಕೊಳ್ಳುವ ಔಷಧವಲ್ಲ. ಮೊದಲ ಸಲ ರೋಗ ಗುರುತಿಸಿದಾಗ ಎಂಆರ್‌ಐಯನ್ನೂ ಮಾಡಿಸುತ್ತಾರೆ. ಪಿಟ್ಯುಟರಿ ಗ್ರಂಥಿಯ ಗಡ್ಡೆಯಂಥದ್ದೂ ಕೆಲವೊಮ್ಮೆ ಇದೇ ವೇಷದಲ್ಲಿ ಬರುತ್ತದೆ. ಇನ್ನು ಕಣ್ಣು ಕೆಂಪಾಗಿ ನೋಯುವುದರ ಜತೆ ದೃಷ್ಟಿ ಮಂಜಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಗ್ಲಾಕೋಮಾ ಇರಬಹುದು. ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ಜೀವಮಾನದ ಕೆಟ್ಟ ತಲೆನೋವು ಬಂದರೆ ಮಿದುಳಿನ ರಕ್ತಸ್ರಾವವಿರಬಹುದು. ಇವೆರಡಕ್ಕೂ ಲಾಗ್ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಬೆಂಗಳೂರಿನಲ್ಲಿದ್ದ ನನಗೇ ನಾಲ್ಕು ವರ್ಷ ಹಿಡಿಯಿತು. ನರರೋಗ ತಜ್ಞರೇ ಇಲ್ಲದ ತಾಲೂಕಿನಲ್ಲಿ ಎಷ್ಟು ಹಿಡಿಯಬಹುದು? ನಿಮ್ಹಾನ್ಸ್ ಜತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಯ ಜತೆಗೆ ತಲೆನೋವೂ ಇದೆ. ಅಲ್ಲಿ ತರಬೇತಿ ಪಡೆದ ವೈದ್ಯರು "ಎಷ್ಟು ಹೊತ್ತಿಗೆ ಬರುತ್ತೆ, ಎಷ್ಟು ಹೊತ್ತು ಇರುತ್ತೆ, ಆಗ ಏನು ಮಾಡ್ತೀರಿ" ಅಂತ ಮೂರು ಪ್ರಶ್ನೆ ಕೇಳಿದರೂ ಒಂದಷ್ಟು ಜನರ ಮೂಗು ಆಪರೇಷನ್ನಿನಿಂದ ಉಳಿಯುತ್ತದೆ.

ಈ ಸಲದ ಗೊಂಚಲು ನವೆಂಬರ್ ಮೂರನೇ ವಾರ ಶುರುವಾಯಿತು. ಸಿಲಿಂಡರ್ ಹಾಸಿಗೆ ಪಕ್ಕ ಇದೆ. ಅಮ್ಮ ಬಂದಿದ್ದಾಳೆ, ಒಂದೂಕಾಲಿಗೇ ಎದ್ದು ರೆಗ್ಯುಲೇಟರ್ ತಿರುಗಿಸುವುದು ಅವಳೇ. ಹಬೆಯ ಪಾತ್ರೆಯನ್ನೂ ತಂದಿದ್ದಾಳೆ, ಇರಲಿ ಅಂತ.